ಒಂದೇ ಮಾತ್ರೆ, ಎರಡು ಕೆರೆ

ಅಕ್ಕ-ತಂಗಿ ಇಬ್ಬರಿದ್ದಾರೆ ಎಂದುಕೊಳ್ಳಿ. ಅಕ್ಕ 55 ಕೆ.ಜಿ., ತಂಗಿ 110. ಇಬ್ಬರಿಗೂ ರಾತ್ರಿ ನಿದ್ದೆ ಬರುತ್ತಿಲ್ಲ, ಇಬ್ಬರಿಗೂ ಡಾಕ್ಟರು ರಾತ್ರಿ ಮಲಗುವಾಗ 5 ಮಿಲಿಗ್ರಾಂ ಡಯಾಜೆಪಾಮ್ ಬರೆದುಕೊಟ್ಟಿದ್ದಾರೆ. ಹಳೆಯ ಮಾತ್ರೆ ಇದು. 1963ರಲ್ಲಿ ಅಮೆರಿಕದಲ್ಲಿ ವ್ಯಾಲಿಯಂ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಕಡೆ ಹಿಂದಿನ ತಲೆಮಾರಿನವರು ಇದನ್ನು ‘ಕಾಂಪೋಸ್’ ಎಂದೇ ಕರೆಯುತ್ತಿದ್ದರು.

ಇಬ್ಬರಲ್ಲಿ ಯಾರ ಮೈಯಲ್ಲಿ ಈ ಮಾತ್ರೆ ಹೆಚ್ಚು ದಿನ ಉಳಿಯುತ್ತದೆ ಎಂದು ಕೇಳಿದರೆ ಹೆಚ್ಚಿನವರು ಥಟ್ಟನೆ ಅಕ್ಕನ ಹೆಸರು ಹೇಳುತ್ತಾರೆ. ಸಣ್ಣ ಮೈಗೆ ಅಷ್ಟೇ ಔಷಧ ಬಿದ್ದರೆ ಅದು ಜಾಸ್ತಿ ಹಿಡಿಯುತ್ತದೆ, ಜಾಸ್ತಿ ಹೊತ್ತು ಇರುತ್ತದೆ ಅನ್ನುವುದು ಲೆಕ್ಕ. ಇದರ ಮೊದಲ ಅರ್ಧ ಸರಿ. ಎರಡನೆಯ ಅರ್ಧ ಮಾತ್ರ ಪೂರ್ತಿ ತಲೆಕೆಳಗು. ತಂಗಿಯ ಮೈಯಲ್ಲಿ ಅದು ಎರಡು-ಮೂರು ಪಟ್ಟು ಹೆಚ್ಚು ದಿನ ಉಳಿಯುತ್ತದೆ. ಹಾಗೆ ಉಳಿಯುವುದಕ್ಕೆ ಅವಳ ಲಿವರ್ ನಿಧಾನ ಅನ್ನುವುದು ಕಾರಣವೂ ಅಲ್ಲ.

ಕಾರಣ ತಿಳಿಯಲು ಮೊದಲು ಅಡುಗೆಮನೆಗೆ ಹೋಗೋಣ. ಸಾರಿಗೆ ಒಗ್ಗರಣೆ ಹಾಕಿ ಐದು ನಿಮಿಷ ಬಿಟ್ಟು ಪಾತ್ರೆಯೊಳಗೆ ಇಣುಕಿ ನೋಡಿ. ಮೇಲೆ ತೇಲುವ ಎಣ್ಣೆಯ ಬೊಟ್ಟುಗಳು ಕೆಂಪಗೆ ಹೊಳೆಯುತ್ತಿರುತ್ತವೆ, ಕೆಳಗಿನ ತಿಳಿಗೆ ಆ ಕೆಂಪು ಇರುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ನೀರು ಒಗ್ಗದು, ಎಣ್ಣೆ ಅಂದರೆ ಪ್ರಾಣ. ಒಂದು ಚಮಚ ಎಣ್ಣೆ ಇಡೀ ಪಾತ್ರೆಯ ಬಣ್ಣವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆ ಸಾರನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕಳಿಸಿದಿರೋ, ಡಬ್ಬಿಯ ಕಿತ್ತಳೆ ಕಲೆ ನಾಲ್ಕು ಸಲ ತಿಕ್ಕಿದರೂ ಬಿಡುವುದಿಲ್ಲ. ಅದು ಬಿಡುವುದೇ ಇಲ್ಲ ಎಂದಲ್ಲ. ಪ್ರತಿ ಸಲ ತೊಳೆದಾಗಲೂ ಸ್ವಲ್ಪ ಸ್ವಲ್ಪ ಹೊರಬರುತ್ತದೆ, ತಿಂಗಳಾಗುತ್ತದೆ ಅಷ್ಟೆ.

ಮಂಪರು ತರಿಸುವ ಔಷಧಗಳಲ್ಲಿ ಬಹುಪಾಲು ಈ ಮೆಣಸಿನಕಾಯಿ ಬಣ್ಣದ ಜಾತಿಯವು. ಅದು ಆಕಸ್ಮಿಕವಲ್ಲ. ಮಿದುಳಿನ ರಕ್ತನಾಳಗಳ ಗೋಡೆ ದೇಹದ ಬೇರೆ ಕಡೆಯಂತಲ್ಲ, ಜೀವಕೋಶಗಳು ಒಂದಕ್ಕೊಂದು ಬೆಸೆದುಕೊಂಡು ಸಂದೇ ಇಲ್ಲದಂತೆ ನಿಂತಿರುತ್ತವೆ. ಆ ಗೋಡೆಯನ್ನು ಔಷಧ ದಾಟಬೇಕಾದರೆ ಜೀವಕೋಶದ ಪೊರೆಯೊಳಗಿಂದಲೇ ನುಸುಳಬೇಕು, ಪೊರೆಯಾದರೋ ಕೊಬ್ಬಿನಿಂದಾದದ್ದು. ಹಾಗಾಗಿ ಕೊಬ್ಬಿನಲ್ಲಿ ಸಲೀಸಾಗಿ ಕರಗುವ ಔಷಧವೇ ಮಿದುಳಿಗೆ ಬೇಗ ತಲಪುತ್ತದೆ. ಬೇಗ ನಿದ್ದೆ ತರಿಸುವ ಗುಣ ಯಾವುದೋ, ಸೊಂಟದ ಕೊಬ್ಬಿನಲ್ಲಿ ವಾರಗಟ್ಟಲೆ ಠಿಕಾಣಿ ಹೂಡುವ ಗುಣವೂ ಅದೇ. ಒಂದು ಬೇಕು, ಇನ್ನೊಂದು ಬೇಡ ಅನ್ನುವ ಆಯ್ಕೆ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಇಲ್ಲಿ ಒಂದು ಹಳೆಯ ಜಗಳದ ಕತೆ ಹೇಳಬೇಕು. ಥಯೋಪೆಂಟಾಲ್ ಅನ್ನುವ ಅರಿವಳಿಕೆ ಮದ್ದನ್ನು ಮನುಷ್ಯರ ಮೇಲೆ ಮೊದಲು ಬಳಸಿದ್ದು 1934ರಲ್ಲಿ. ಸೂಜಿ ಚುಚ್ಚಿ ಅರ್ಧ ನಿಮಿಷ ಕಳೆಯುವುದರೊಳಗೆ ರೋಗಿ ನಿದ್ದೆಗೆ ಜಾರುತ್ತಿದ್ದ, ಮತ್ತೆ ಚುಚ್ಚದಿದ್ದರೆ ಐದು-ಹತ್ತು ನಿಮಿಷಕ್ಕೆ ಕಣ್ಣು ಬಿಡುತ್ತಿದ್ದ. ಇಷ್ಟು ಬೇಗ ಎಚ್ಚರ ಆಗುವುದನ್ನು ಕಂಡು ದೇಹ ಇದನ್ನು ಬಲುಬೇಗ ಕರಗಿಸಿ ಹಾಕುತ್ತದೆ ಎಂದು ವೈದ್ಯರು ನಂಬಿದ್ದರು. 1950ರ ಸುಮಾರಿಗೆ ಅಮೆರಿಕದ ಬರ್ನಾರ್ಡ್ ಬ್ರೋಡಿ ಮತ್ತು ಅವರ ತಂಡ ರಕ್ತದಲ್ಲಿ ಅದನ್ನು ಅಳೆದು ನೋಡಿದಾಗ ನಂಬಿಕೆ ಬುಡಮೇಲಾಯಿತು. ಮದ್ದು ಎಲ್ಲೂ ಹೋಗಿರಲಿಲ್ಲ. ರೋಗಿ ಎದ್ದು ಕೂತಾಗಲೂ ಹೆಚ್ಚುಕಡಿಮೆ ಪೂರ್ತಿ ಮೈಯೊಳಗೇ ಇತ್ತು, ಲಿವರ್ ಅದನ್ನು ಗಂಟೆಗಟ್ಟಲೆ ನಿಧಾನವಾಗಿ ಅರೆಯುತ್ತಿತ್ತು. ಮಿದುಳಿನಿಂದ ಹೊರಟು ಬೇರೆಲ್ಲೋ ಸೇರಿಕೊಂಡಿತ್ತು. ಎಲ್ಲಿ? ಕೊಬ್ಬಿನಲ್ಲಿ ಎಂದರು ಬ್ರೋಡಿ. ಕೇಳಲು ಸರಿಯಾಗಿಯೇ ಇತ್ತು.

ಹತ್ತು ವರ್ಷ ಕಳೆದು, 1960ರಲ್ಲಿ, ಹೆನ್ರಿ ಪ್ರೈಸ್ ಎಂಬ ಅರಿವಳಿಕೆ ತಜ್ಞ ರಕ್ತದ ಹರಿವಿನ ಲೆಕ್ಕ ಹಾಕಿ, ಇಲ್ಲ, ಅಷ್ಟು ಬೇಗ ಕೊಬ್ಬಿಗೆ ತಲಪಲು ಸಾಧ್ಯವೇ ಇಲ್ಲ ಎಂದು ತೋರಿಸಿದರು. ಮಿದುಳು, ಹೃದಯ, ಲಿವರ್, ಮೂತ್ರಪಿಂಡ ಎಲ್ಲ ಸೇರಿ ದೇಹದ ತೂಕದ ಹತ್ತರಲ್ಲೊಂದು ಪಾಲು. ಆದರೆ ಹೃದಯ ಒತ್ತುವ ರಕ್ತದ ಮುಕ್ಕಾಲು ಪಾಲು ಅವಕ್ಕೇ ಹೋಗುತ್ತದೆ. ಕೊಬ್ಬಿಗೆ ಸಿಗುವುದು ಇಪ್ಪತ್ತರಲ್ಲಿ ಒಂದು ಪಾಲು. ಉಗ್ರಾಣ ದೊಡ್ಡದು ನಿಜ, ಅದಕ್ಕೆ ಹೋಗುವ ದಾರಿ ಕಾಲುದಾರಿ. ಮೊದಲ ಕೆಲವು ನಿಮಿಷಗಳಲ್ಲಿ ಮಿದುಳಿನಿಂದ ಮದ್ದನ್ನು ಸೆಳೆದುಕೊಳ್ಳುವುದು ಮುಖ್ಯವಾಗಿ ಮಾಂಸಖಂಡ. ಕೊಬ್ಬು ಆಮೇಲೆ, ಗಂಟೆಗಳ ಲೆಕ್ಕದಲ್ಲಿ, ಸಾವಕಾಶವಾಗಿ ತುಂಬಿಕೊಳ್ಳುತ್ತದೆ.

ಈ ಜಗಳದಿಂದ ನಮಗೆ ಬೇಕಾದದ್ದು ಎರಡು ಮಾತು. ಎಚ್ಚರವಾಯಿತು ಅಂದರೆ ಮದ್ದು ಮೈಬಿಟ್ಟಿತು ಎಂದಲ್ಲ. ಮಿದುಳು ಬಿಟ್ಟಿತು ಎಂದಷ್ಟೇ. ಒಂದೇ ಸಲ ಕೊಟ್ಟ ಔಷಧದ ಅಮಲಿಗೂ ದೇಹದ ಕೊಬ್ಬಿಗೂ ಅಂಥ ನಂಟಿಲ್ಲ. ಕೊಬ್ಬಿನ ಆಟ ಶುರುವಾಗುವುದು ಮತ್ತೆ ಮತ್ತೆ ಕೊಟ್ಟಾಗ, ಇಲ್ಲವೇ ಡ್ರಿಪ್‌ನಲ್ಲಿ ಗಂಟೆಗಟ್ಟಲೆ ಹರಿಸಿದಾಗ. ಆಗ ಮಾಂಸಖಂಡವೂ ತುಂಬಿರುತ್ತದೆ, ಕೊಬ್ಬೂ ತುಂಬುತ್ತ ಬಂದಿರುತ್ತದೆ. ಮಿದುಳಿನಿಂದ ಹೊರಟ ಮದ್ದಿಗೆ ಹೋಗಿ ಸೇರಲು ಜಾಗ ಉಳಿದಿರುವುದಿಲ್ಲ. ಇನ್ನು ಎಚ್ಚರ ಆಗಬೇಕಾದರೆ ಲಿವರ್ ಅರೆದು ಮುಗಿಸುವ ತನಕ ಕಾಯಬೇಕು. ಐದು ನಿಮಿಷಕ್ಕೆ ಕಣ್ಣು ಬಿಡಿಸುತ್ತಿದ್ದ ಅದೇ ಥಯೋಪೆಂಟಾಲನ್ನು ದಿನವಿಡೀ ಹರಿಸಿದರೆ ಮರುದಿನವೂ ರೋಗಿ ಏಳದೆ ಇರುವುದು ಹೀಗೆ.

ತುರ್ತು ಚಿಕಿತ್ಸೆಯ ಕೋಣೆಯಲ್ಲೂ ಇದೇ ವಿಚಿತ್ರ ಕಾಣುತ್ತದೆ. ಫಿಟ್ಸ್ ಬಂದವರಿಗೆ ನರಕ್ಕೆ ಕೊಡುವ ಎರಡು ಔಷಧಗಳಿವೆ, ಡಯಾಜೆಪಾಮ್ ಮತ್ತು ಲೊರಾಜೆಪಾಮ್. ಮೈಯಲ್ಲಿ ಹೆಚ್ಚು ದಿನ ಉಳಿಯುವುದು ಡಯಾಜೆಪಾಮ್. ಆದರೂ ಒಂದು ಡೋಸಿನಿಂದ ಫಿಟ್ಸನ್ನು ಹೆಚ್ಚು ಹೊತ್ತು ತಡೆಹಿಡಿಯುವುದು ಲೊರಾಜೆಪಾಮ್. ಡಯಾಜೆಪಾಮ್ ಕೊಬ್ಬಿನಲ್ಲಿ ಹೆಚ್ಚು ಕರಗುವುದರಿಂದ ಮಿದುಳಿಗೆ ಓಡಿ ಬರುತ್ತದೆ, ಅಷ್ಟೇ ಅವಸರದಲ್ಲಿ ಉಳಿದ ಅಂಗಾಂಗಗಳಿಗೆ ಹಂಚಿಹೋಗುತ್ತದೆ. ಅರ್ಧ ಗಂಟೆ ಕಳೆಯುವುದರೊಳಗೆ ಅದರ ಹಿಡಿತ ಸಡಿಲವಾಗಬಹುದು. ಪುಸ್ತಕದಲ್ಲಿ ಬರೆದ ‘ಇಷ್ಟು ಗಂಟೆ ಉಳಿಯುತ್ತದೆ’ ಅನ್ನುವ ಅಂಕಿಯೊಂದನ್ನೇ ನೋಡಿದವರಿಗೆ ಇದು ಅರ್ಥವೇ ಆಗುವುದಿಲ್ಲ.

ಈಗ ಅಕ್ಕ-ತಂಗಿಯರ ಕಡೆಗೆ ವಾಪಸು ಬರೋಣ. ಮೈಯನ್ನು ಕೆರೆ ಎಂದುಕೊಳ್ಳಿ. ಕೆರೆಗೊಂದು ತೂಬು. ನೀರು ಹೊರಹೋಗಲು ಇರುವುದು ಅದೊಂದೇ ದಾರಿ. ಅಕ್ಕನ ಕೆರೆ ಸಣ್ಣದು, ತಂಗಿಯ ಕೆರೆ ಅದರ ಮೂರು ಪಟ್ಟು ಅಗಲ. ಆದರೆ ಎರಡಕ್ಕೂ ಒಂದೇ ಗಾತ್ರದ ತೂಬು. ಎರಡೂ ಕೆರೆ ಒಂದೇ ಮಟ್ಟಕ್ಕೆ ತುಂಬಿ ನಿಂತಿದ್ದರೆ ಯಾವುದು ಬರಿದಾಗಲು ಹೆಚ್ಚು ದಿನ ಬೇಕು? ಹಳ್ಳಿಯ ನೀರುಗಂಟಿಯನ್ನು ಕೇಳಿದರೂ ಹೇಳುತ್ತಾನೆ. ಜೊತೆಗೆ, ನೀರಿನ ಮಟ್ಟ ಇಳಿದಂತೆ ತೂಬಿನ ರಭಸವೂ ಇಳಿಯುತ್ತದೆ. ಮೊದಲ ಅರ್ಧ ಭಡಭಡ ಎಂದು ಹೋದರೆ ಕೊನೆಯ ಮೊಣಕಾಲುದ್ದದ ನೀರು ಹೋಗಲು ಸತಾಯಿಸುತ್ತದೆ. ಔಷಧವೂ ಹಾಗೇ. ರಕ್ತದಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಷ್ಟನ್ನೇ ಲಿವರ್ ತೆಗೆಯುತ್ತದೆ. ಅದಕ್ಕೇ ಔಷಧ ಖಾಲಿಯಾಗುವ ಲೆಕ್ಕವನ್ನು ಅರ್ಧಾಯುವಿನಲ್ಲಿ ಹೇಳುವುದು: ಇದ್ದದ್ದು ಅರ್ಧಕ್ಕಿಳಿಯಲು ಬೇಕಾದ ಕಾಲ. ಮತ್ತೊಂದು ಅರ್ಧಾಯು ಕಳೆದರೆ ಕಾಲು, ಇನ್ನೊಂದು ಕಳೆದರೆ ಅರೆಪಾವು.

ಕೆರೆಯ ಅಗಲಕ್ಕೆ ಔಷಧಶಾಸ್ತ್ರದಲ್ಲಿ ಹಂಚಿಕೆಯ ಗಾತ್ರ ಎಂಬ ಹೆಸರು, ಸೂತ್ರದಲ್ಲಿ Vd. ತೂಬಿನ ಗಾತ್ರ CL. ಗಂಟೆಗೆ ಎಷ್ಟು ಲೀಟರ್ ರಕ್ತದ ತಿಳಿಯಿಂದ ಔಷಧ ಪೂರ್ತಿ ತೆಗೆಯಲ್ಪಡುತ್ತದೆ ಅನ್ನುವುದು ಅದು. ಎರಡನ್ನೂ ಸೇರಿಸಿದರೆ ಅರ್ಧಾಯು, ಅಂದರೆ ಸೂತ್ರದ t½, ಇಷ್ಟೇ:

t½ = 0.693 × Vd ÷ CL

ಇದರಲ್ಲಿ ತೂಕ ಎಲ್ಲೂ ನೇರವಾಗಿ ಬಂದಿಲ್ಲ ಅನ್ನುವುದನ್ನು ಗಮನಿಸಿ. ತೂಕ ಏರಿದಾಗ Vd ಎಷ್ಟು ಹಿಗ್ಗಿತು, CL ಎಷ್ಟು ಏರಿತು, ಅದಷ್ಟೇ ಪ್ರಶ್ನೆ. ಮೈಗೆ ಬಂದ ಹೆಚ್ಚುವರಿ 55 ಕೆ.ಜಿ.ಯಲ್ಲಿ ಬಹುಪಾಲು ಕೊಬ್ಬು. ಕೊಬ್ಬು ಡಯಾಜೆಪಾಮನ್ನು ಹೀರುತ್ತದೆ, ಅರೆಯುವುದಿಲ್ಲ. ಅರೆಯುವ ಲಿವರ್ ಮೈಯ ಜೊತೆಗೆ ಇಮ್ಮಡಿಯಾಗುವುದಿಲ್ಲ. ಕೆರೆ ಹಿಗ್ಗಿತು, ತೂಬು ಅಷ್ಟೇ ಉಳಿಯಿತು. 1980ರ ದಶಕದ ಮೊದಲ ವರ್ಷಗಳಲ್ಲಿ ಬಾಸ್ಟನ್ನಿನಲ್ಲಿ ಡ್ಯಾರೆಲ್ ಅಬರ್ನೆಥಿ, ಡೇವಿಡ್ ಗ್ರೀನ್‌ಬ್ಲಾಟ್ ಮೊದಲಾದವರು ಸ್ಥೂಲದೇಹಿಗಳಿಗೂ ಸಾಧಾರಣ ಮೈಯವರಿಗೂ ಡಯಾಜೆಪಾಮ್ ಕೊಟ್ಟು ದಿನಗಟ್ಟಲೆ ರಕ್ತ ತೆಗೆದು ಅಳೆದಾಗ ಕಂಡದ್ದು ಇದೇ: ದಪ್ಪ ಮೈಯವರಲ್ಲಿ ಅರ್ಧಾಯು ಎರಡು ಪಟ್ಟಿಗೂ ಮೇಲೆ, ತೂಬು ಮಾತ್ರ ಕಿರಿದಾಗಿರಲಿಲ್ಲ.

ಲೆಕ್ಕಕ್ಕೆಂದು ದುಂಡು ಅಂಕಿ ಹಿಡಿಯೋಣ. ಇಬ್ಬರಿಗೂ ತೂಬು ಗಂಟೆಗೆ ಒಂದೂವರೆ ಲೀಟರ್. ಅಕ್ಕನ ಕೆರೆ 80 ಲೀಟರ್, ತಂಗಿಯದು 240. ನೂರಾಹತ್ತು ಕೆ.ಜಿ. ಹೆಂಗಸಿನಲ್ಲಿ 240 ಲೀಟರ್ ಎಲ್ಲಿಂದ ಬಂತು ಎಂದು ಕೇಳಬೇಕು ನೀವು, ಪಾಠ ಹೇಳುವಾಗ ಪ್ರತಿ ವರ್ಷ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಅದು ತೋರಿಕೆಯ ಗಾತ್ರ. ಸಾರಿನ ಪಾತ್ರೆಯಲ್ಲಿ ಎಣ್ಣೆ ಇರುವುದು ಗೊತ್ತಿಲ್ಲದವನೊಬ್ಬ ಕೆಳಗಿನ ತಿಳಿಯನ್ನಷ್ಟೇ ಸೌಟಿನಲ್ಲಿ ತೆಗೆದು ಅದರ ಬಣ್ಣ ನೋಡಿದರೆ, ‘ಇಷ್ಟು ಮೆಣಸಿನಪುಡಿ ಹಾಕಿಯೂ ಬಣ್ಣ ಇಷ್ಟು ತೆಳುವಾಗಿದೆ ಅಂದರೆ ಪಾತ್ರೆ ಹಂಡೆಯಷ್ಟು ದೊಡ್ಡದಿರಬೇಕು’ ಅನ್ನುತ್ತಾನೆ. ನಾವು ಅಳೆಯುವುದೂ ರಕ್ತವೆಂಬ ತಿಳಿಯನ್ನೇ. ಹೆಚ್ಚಿನದ್ದು ಕೊಬ್ಬಿನಲ್ಲಿ ಕೂತಿರುವುದರಿಂದ ಮೈ ಅಷ್ಟು ದೊಡ್ಡ ಹಂಡೆಯಂತೆ ಕಾಣುತ್ತದೆ.

ಸೂತ್ರಕ್ಕೆ ಹಾಕಿದರೆ ಅಕ್ಕನ ಅರ್ಧಾಯು 37 ಗಂಟೆ, ತಂಗಿಯದು 111 ಗಂಟೆ. ಒಂದೂವರೆ ದಿನ ಒಬ್ಬಳಿಗೆ, ನಾಲ್ಕೂವರೆ ದಿನಕ್ಕಿಂತ ಹೆಚ್ಚು ಇನ್ನೊಬ್ಬಳಿಗೆ.

ಮೊದಲ ರಾತ್ರಿ ಮಾತ್ರೆ ನುಂಗಿದ ಮೇಲೆ, ಅದು ಮೈಯೆಲ್ಲ ಹರಡಿಕೊಂಡಾಗ, ಅಕ್ಕನ ರಕ್ತದಲ್ಲಿ ಲೀಟರಿಗೆ ಸುಮಾರು 62 ಮೈಕ್ರೊಗ್ರಾಂ, ತಂಗಿಯ ರಕ್ತದಲ್ಲಿ 21. ಸಣ್ಣ ಮೈಗೆ ಜಾಸ್ತಿ ಹಿಡಿಯುತ್ತದೆ ಅನ್ನುವ ಜನರ ಮಾತು ಇಷ್ಟರ ಮಟ್ಟಿಗೆ ನಿಜ. ದಿನಾ ತೆಗೆದುಕೊಳ್ಳುತ್ತ ಹೋದರೆ ಮಟ್ಟ ಏರುತ್ತದೆ, ಏರಿದಂತೆ ತೂಬಿನ ರಭಸವೂ ಏರುತ್ತದೆ, ಕೊನೆಗೆ ದಿನಕ್ಕೆ ಬಂದಷ್ಟೇ ದಿನಕ್ಕೆ ಹೋಗುವ ಒಂದು ಮಟ್ಟದಲ್ಲಿ ಕೆರೆ ನಿಲ್ಲುತ್ತದೆ. ಆ ಮಟ್ಟ ಎಷ್ಟು? ದಿನದ 5 ಮಿಲಿಗ್ರಾಂ ಅನ್ನು 24 ಗಂಟೆಗೆ ಹಂಚಿ ತೂಬಿನ ಒಂದೂವರೆಯಿಂದ ಭಾಗಿಸಿದರೆ ಲೀಟರಿಗೆ ಸರಾಸರಿ 139 ಮೈಕ್ರೊಗ್ರಾಂ. ಅಕ್ಕನಿಗೂ 139, ತಂಗಿಗೂ 139.

ಇಲ್ಲಿ ಒಂದು ನಿಮಿಷ ನಿಲ್ಲಬೇಕು, ಏಕೆಂದರೆ ಓದಿದವರೂ ಎಡವುವ ಜಾಗ ಇದು. ಕೆರೆ ಕೊನೆಗೆ ಯಾವ ಮಟ್ಟಕ್ಕೆ ನಿಲ್ಲುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಒಳಹರಿವು ಮತ್ತು ತೂಬು. ಕೆರೆಯ ಅಗಲಕ್ಕೆ ಅದರಲ್ಲಿ ಪಾತ್ರವೇ ಇಲ್ಲ. ಕೊಬ್ಬು ಹೆಚ್ಚಿದ್ದರೆ ಔಷಧದ ಮಟ್ಟವೇ ಹೆಚ್ಚಾಗುತ್ತದೆ ಅನ್ನುವುದೂ ತಪ್ಪು, ತೂಕ ಎರಡು ಪಟ್ಟು ಆದ್ದರಿಂದ ದಿನದ ಮಾತ್ರೆಯೂ ಎರಡಾಗಬೇಕು ಅನ್ನುವುದೂ ತಪ್ಪು. ಅಗಲ ತೀರ್ಮಾನಿಸುವುದು ಒಂದನ್ನೇ: ಆ ಮಟ್ಟ ತಲಪಲು ಎಷ್ಟು ದಿನ, ಅಲ್ಲಿಂದ ಇಳಿಯಲು ಎಷ್ಟು ದಿನ. ಐದು ಅರ್ಧಾಯು ಕಳೆದರೆ ಬಹುತೇಕ ತಲಪಿದಂತೆ. ಅಕ್ಕನಿಗೆ ಅದು ಎಂಟು ದಿನ, ತಂಗಿಗೆ 23.

ಅನಾಹುತ ಆಗುವುದು ಇದರ ನಡುವೆ. ಐದನೇ ದಿನ ಇಬ್ಬರೂ ಡಾಕ್ಟರ ಬಳಿ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಅಕ್ಕ ತಲಪಬೇಕಾದ ಮಟ್ಟದ ನೂರಕ್ಕೆ 89 ಭಾಗ ತಲಪಿದ್ದಾಳೆ. ಚೆನ್ನಾಗಿ ನಿದ್ದೆ ಬರುತ್ತಿದೆ ಡಾಕ್ಟ್ರೇ ಅನ್ನುತ್ತಾಳೆ. ತಂಗಿ ಇನ್ನೂ ನೂರಕ್ಕೆ 53ರಲ್ಲಿದ್ದಾಳೆ. ‘ನಂಗೇನೂ ಹತ್ತಲಿಲ್ಲ ಸಾರ್, ನನ್ನ ಮೈಗೆ ಇದು ಸಾಲಲ್ಲ ಅನ್ಸುತ್ತೆ.’ ಡಾಕ್ಟರೂ ಅವಳ ಮೈಕಟ್ಟು ನೋಡುತ್ತಾರೆ, ಹೌದೇನೋ ಅನಿಸುತ್ತದೆ, 10 ಮಿಲಿಗ್ರಾಂಗೆ ಏರಿಸುತ್ತಾರೆ. ಇನ್ನೊಂದು ವಾರ ಕಳೆಯುವಷ್ಟರಲ್ಲಿ ತಂಗಿಯ ರಕ್ತದ ಮಟ್ಟ ಅಕ್ಕನದರ ಒಂದೂವರೆ ಪಟ್ಟು. ತಿಂಗಳಿಗೆ ಎರಡು ಪಟ್ಟು. ಮೊದಲ ವಾರ ಏನೂ ಆಗದ ಮಾತ್ರೆ ಮೂರನೇ ವಾರ ಕಾಲು ತೊಡರಿಸುತ್ತದೆ. ಬೆಳಿಗ್ಗೆ ಹತ್ತಾದರೂ ತಲೆ ಭಾರ, ಮಾತು ತುಸು ಎಳೆದಂತೆ, ಹಾಲು ಉಕ್ಕಿದ್ದು ಗೊತ್ತಾಗುವುದಿಲ್ಲ, ಬಚ್ಚಲಿನಲ್ಲಿ ಜಾರಿ ಬೀಳುತ್ತಾಳೆ. ಇಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದಾಳಲ್ಲ, ಮಾತ್ರೆಯದ್ದಾಗಿದ್ದರೆ ಮೊದಲೇ ಗೊತ್ತಾಗುತ್ತಿತ್ತು ಎಂದು ಮನೆಯವರು ಬಿಪಿಯನ್ನೋ ಸಕ್ಕರೆಯನ್ನೋ ಅನುಮಾನಿಸುತ್ತಾರೆ. ಈ ತಡವೇ ಗುರುತು. ಡೋಸ್ ಬದಲಾದ ಎರಡು-ಮೂರು ವಾರದ ಮೇಲೆ ನಿಧಾನವಾಗಿ ಏರುವ ಮಂಕುತನ ಕಂಡರೆ ಮೊದಲು ನೋಡಬೇಕಾದದ್ದು ಮಾತ್ರೆಯ ಚೀಟಿ.

ನಿಲ್ಲಿಸಿದಾಗಲೂ ಹಾಗೆ. ಇಬ್ಬರೂ 139ರಲ್ಲಿದ್ದಾಗ ಮಾತ್ರೆ ನಿಂತರೆ, ಐದು ದಿನಕ್ಕೆ ಅಕ್ಕನ ಮೈಯಲ್ಲಿ ನೂರಕ್ಕೆ 11 ಉಳಿದಿರುತ್ತದೆ, ತಂಗಿಯ ಮೈಯಲ್ಲಿ 47. ತಂಗಿ 10 ಮಿಲಿಗ್ರಾಂಗೆ ಏರಿದ್ದವಳಾದರೆ ಅಕ್ಕನ ಆ ಮಟ್ಟಕ್ಕೆ ಇಳಿಯಲು ಹತ್ತೊಂಬತ್ತು ದಿನ ಬೇಕು. ಈ ನಡುವೆ ಅವಳು ನೆಗಡಿಗೆಂದು ಮಂಪರು ತರಿಸುವ ಸಿರಪ್ ಕುಡಿದರೆ, ಇಲ್ಲವೇ ಯಾವುದೋ ಸಣ್ಣ ಶಸ್ತ್ರಚಿಕಿತ್ಸೆಗೆ ಹೋಗಿ ‘ನಿದ್ದೆ ಮಾತ್ರೆ ಬಿಟ್ಟು ವಾರವಾಯ್ತು’ ಎಂದು ಹೇಳಿದರೆ, ಎದುರಿಗಿರುವವರ ಲೆಕ್ಕ ತಪ್ಪುತ್ತದೆ. ವಾರಗಟ್ಟಲೆ ದಿನಾ ತೆಗೆದುಕೊಂಡವರು ಒಮ್ಮೆಗೇ ಬಿಟ್ಟರೆ ಬರುವ ಚಡಪಡಿಕೆ, ನಡುಕ, ನಿದ್ದೆಗೇಡೂ ಇವಳಲ್ಲಿ ತಡವಾಗಿ ಕಾಣುತ್ತದೆ. ಹತ್ತು ದಿನ ಏನೂ ಆಗಲಿಲ್ಲ, ಸಲೀಸಾಗಿ ಬಿಟ್ಟೆ ಎಂದುಕೊಂಡ ಮೇಲೆ ಶುರುವಾಗಬಹುದು. ಇಂಥ ಮಾತ್ರೆಯನ್ನು ಡಾಕ್ಟರ ಲೆಕ್ಕದಂತೆ ಇಳಿಸುತ್ತಲೇ ಬಿಡಬೇಕು, ತಾವೇ ಒಂದು ದಿನ ಕಸದ ಬುಟ್ಟಿಗೆ ಹಾಕಬಾರದು.

ನಿಜ ಇದಕ್ಕಿಂತ ಇನ್ನೂ ಸ್ವಲ್ಪ ಕೆಟ್ಟದಾಗಿದೆ. ಲಿವರ್ ಡಯಾಜೆಪಾಮನ್ನು ಒಂದೇ ಏಟಿಗೆ ನಿಷ್ಕ್ರಿಯ ಮಾಡುವುದಿಲ್ಲ. ಮೊದಲು ಅದನ್ನು ನಾರ್ಡಯಾಜೆಪಾಮ್ ಮಾಡುತ್ತದೆ. ಅದೂ ಮಂಪರು ತರಿಸುವಂಥದ್ದೇ, ಅದರ ಅರ್ಧಾಯು ತಾಯಿಯದಕ್ಕಿಂತ ಉದ್ದ. ಒಂದು ಕೆರೆಯ ತೂಬಿನ ನೀರು ನೇರ ಹೊಳೆಗೆ ಹೋಗದೆ ಕೆಳಗಿನ ಇನ್ನೊಂದು ಕೆರೆಗೆ ಬೀಳುವಂತೆ. ಮೇಲೆ ಹಾಕಿದ ಲೆಕ್ಕ ಮೊದಲ ಕೆರೆಯದ್ದು ಮಾತ್ರ.

ಕೊಬ್ಬು ಔಷಧವನ್ನು ಬೀಗ ಹಾಕಿ ಇಟ್ಟುಕೊಳ್ಳುತ್ತದೆ, ತೂಕ ಇಳಿಸಿದಾಗ ಅದೆಲ್ಲ ಒಮ್ಮೆಗೇ ರಕ್ತಕ್ಕೆ ಸುರಿಯುತ್ತದೆ ಅನ್ನುವ ಮಾತೂ ಆಗಾಗ ಕಿವಿಗೆ ಬೀಳುತ್ತದೆ. ಡಯಾಜೆಪಾಮ್ ಮಟ್ಟಿಗೆ ಈ ಹೆದರಿಕೆ ಬೇಡ. ಕೊಬ್ಬಿಗೂ ರಕ್ತಕ್ಕೂ ನಡುವೆ ಬಾಗಿಲು ಸದಾ ತೆರೆದೇ ಇರುತ್ತದೆ. ರಕ್ತದಲ್ಲಿ ಕಡಿಮೆಯಾದಂತೆ ಕೊಬ್ಬಿನಿಂದ ಅಷ್ಟಷ್ಟೇ ಬಂದು ಸೇರುತ್ತಿರುತ್ತದೆ, ತೂಕ ಕರಗುವ ವೇಗಕ್ಕಿಂತ ಬೇಗ ಮದ್ದು ಕರಗಿ ಹೋಗಿರುತ್ತದೆ.

ಇನ್ನು ‘ದಪ್ಪ’ ಅಂದರೆ ಯಾರು ಅನ್ನುವುದು. ಕೆರೆಯ ಅಗಲ ತೀರ್ಮಾನವಾಗುವುದು ತಕ್ಕಡಿಯಲ್ಲಲ್ಲ, ಮೈಯೊಳಗೆ ಎಷ್ಟು ಪಾಲು ಕೊಬ್ಬು ಅನ್ನುವುದರಲ್ಲಿ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೊ ಅಚ್ಚಾಯಿತು, ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್. ಇಬ್ಬರೂ ತೆಳ್ಳಗಿನವರೇ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದೂ 22.3. ಆದರೆ ಸ್ಕ್ಯಾನ್ ಮಾಡಿದರೆ ಯಡ್ಕಿನ್ ಮೈಯಲ್ಲಿ ನೂರಕ್ಕೆ 9.1 ಕೊಬ್ಬು, ಯಾಜ್ಞಿಕ್ ಮೈಯಲ್ಲಿ 21.2. ಅವರು ಇದನ್ನು ತೋರಿಸಿದ್ದು ಸಕ್ಕರೆ ಕಾಯಿಲೆಯ ವಿಚಾರಕ್ಕೆ, ನಿದ್ದೆ ಮಾತ್ರೆಗಲ್ಲ. ಆದರೂ ನಮ್ಮ ಪ್ರಶ್ನೆಗೆ ಅದು ನೇರವಾಗಿ ತಾಗುತ್ತದೆ. ಕೈಕಾಲು ಸಣಕಲು, ಹೊಟ್ಟೆ ಮಾತ್ರ ಮುಂದೆ, ತೂಕ ‘ನಾರ್ಮಲ್’ ಅನ್ನುವ ನಮ್ಮ ಮಧ್ಯವಯಸ್ಸಿನ ಗಂಡಸರು ಎಷ್ಟು ಮಂದಿ! ತೂಕದ ಅಂಕಿ ನೋಡಿ ಇವರನ್ನು ಸಣ್ಣ ಕೆರೆ ಎಂದು ತಿಳಿದರೆ ಮೋಸ ಹೋಗುತ್ತೇವೆ.

ವಯಸ್ಸಾದವರದ್ದಂತೂ ಇದೇ ಕತೆಯ ಮುಂದಿನ ಅಧ್ಯಾಯ. ಎಪ್ಪತ್ತರ ಹೊತ್ತಿಗೆ ಮಾಂಸಖಂಡ ಕರಗಿ ಆ ಜಾಗದಲ್ಲಿ ಕೊಬ್ಬು ಬಂದಿರುತ್ತದೆ, ತೂಕ ಮೂವತ್ತರಲ್ಲಿ ಇದ್ದಷ್ಟೇ ಇರಬಹುದು. ಉಲ್ರಿಚ್ ಕ್ಲಾಟ್ಸ್ ಮತ್ತು ಸಂಗಡಿಗರು 1975ರಲ್ಲಿ ಬೇರೆ ಬೇರೆ ವಯಸ್ಸಿನವರಲ್ಲಿ ಡಯಾಜೆಪಾಮ್ ಅಳೆದಾಗ ಇಪ್ಪತ್ತರ ಹರೆಯದಲ್ಲಿ ಸುಮಾರು 20 ಗಂಟೆ ಇದ್ದ ಅರ್ಧಾಯು ಎಂಬತ್ತರ ಹೊತ್ತಿಗೆ 90 ಗಂಟೆಗೆ ಏರುತ್ತ ಹೋಗಿತ್ತು. ವಯಸ್ಸು ಎಷ್ಟೋ ಅರ್ಧಾಯು ಹೆಚ್ಚುಕಡಿಮೆ ಅಷ್ಟು ಗಂಟೆ ಎಂದು ಆಮೇಲಿನ ವೈದ್ಯ ವಿದ್ಯಾರ್ಥಿಗಳು ನೆನಪಿಟ್ಟುಕೊಂಡದ್ದು ಇದನ್ನೇ. ಅವರು ಕಂಡ ಕಾರಣವೂ ಮುಖ್ಯವಾಗಿ ಕೆರೆ ಹಿಗ್ಗಿದ್ದು. ಮೇಲಾಗಿ ವಯಸ್ಸಾದ ಮಿದುಳಿಗೆ ಕಡಿಮೆ ಮಟ್ಟದ ಮದ್ದೇ ಸಾಕು. ಅಜ್ಜಿಗೆ ಐವತ್ತೇ ಕೆ.ಜಿ. ಇರಬಹುದು, ಮಾತ್ರೆಯ ಲೆಕ್ಕದಲ್ಲಿ ಆಕೆ ತಂಗಿಯ ಪಂಕ್ತಿಯಲ್ಲೇ ಕೂರುವವಳು.

ಹಾಗಾದರೆ ಕೊಬ್ಬಿದ್ದವರಿಗೆ ಎಲ್ಲ ನಿದ್ದೆ ಮಾತ್ರೆಯೂ ಹೀಗೇ ಉಳಿಯುತ್ತದೆಯೇ? ಇಲ್ಲ. ಲೊರಾಜೆಪಾಮ್, ಆಕ್ಸಜೆಪಾಮ್ ಎಂಬೆರಡನ್ನು ದೇಹ ಬೇರೆ ದಾರಿಯಲ್ಲಿ ವಿಲೇವಾರಿ ಮಾಡುತ್ತದೆ. ಲಿವರ್ ಅವಕ್ಕೆ ಸಕ್ಕರೆ ಜಾತಿಯದೊಂದು ತುಣುಕನ್ನು ಅಂಟಿಸಿ ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರಕ್ಕೆ ತಳ್ಳುತ್ತದೆ. ಸ್ಥೂಲದೇಹಿಗಳಲ್ಲಿ ಈ ಅಂಟಿಸುವ ಕೆಲಸ ಚುರುಕಾಗಿರುತ್ತದೆ ಎಂದು ಅದೇ ಬಾಸ್ಟನ್ ತಂಡ ಕಂಡಿತು. ಕೆರೆ ಹಿಗ್ಗಿದರೂ ತೂಬೂ ಹಿಗ್ಗಿತು, ಆದ್ದರಿಂದ ಅರ್ಧಾಯು ಅಷ್ಟೇನೂ ಬದಲಾಗಲಿಲ್ಲ. ನಡುವೆ ನಿಲ್ಲುವ ಮಂಪರಿನ ಮರಿಗಳೂ ಇವಕ್ಕಿಲ್ಲ. ವಯಸ್ಸಾದವರಿಗೋ ದಪ್ಪ ಮೈಯವರಿಗೋ ಈ ಜಾತಿಯ ಮಾತ್ರೆ ಬೇಕೇ ಬೇಕು ಅನ್ನುವ ಸಂದರ್ಭ ಬಂದರೆ ಹಲವು ವೈದ್ಯರು ಇವುಗಳ ಕಡೆ ಒಲಿಯುವುದು ಇದಕ್ಕೇ.

ಇದಕ್ಕೆ ವಿರುದ್ಧದ ತುದಿಯಲ್ಲಿ ಮಿಡಜೊಲಾಮ್ ಇದೆ. ಎಂಡೋಸ್ಕೋಪಿಗೆ ಮುಂಚೆ ಕೊಡುವ ಚುಚ್ಚುಮದ್ದು, ಬೇಗ ಬಂದು ಬೇಗ ಹೋಗುವುದಕ್ಕೇ ಹೆಸರಾದದ್ದು. ಅದರ ಅರ್ಧಾಯು ಸಾಮಾನ್ಯರಲ್ಲಿ ಎರಡು-ಮೂರು ಗಂಟೆ; ದಪ್ಪ ಮೈಯವರಲ್ಲಿ ಇದೂ ಕೆಲವು ಪಟ್ಟು ಉದ್ದವಾಗುತ್ತದೆ, ಇಲ್ಲಿಯೂ ಕಾರಣ ಅಗಲವಾದ ಕೆರೆ ಮತ್ತು ಅಷ್ಟೇ ತೂಬು. ಒಂದೇ ಚುಚ್ಚಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಐಸಿಯುನಲ್ಲಿ ವೆಂಟಿಲೇಟರ್ ಹಾಕಿ ಮೂರು-ನಾಲ್ಕು ದಿನ ಹರಿಸಿದಾಗ ಗೊತ್ತಾಗುತ್ತದೆ. ಅದಕ್ಕೇ ಅಲ್ಲಿನ ಲೆಕ್ಕ ಎರಡು ತುಂಡಾಗಿರುತ್ತದೆ. ಮೊದಲಿಗೆ ಕೆರೆ ತುಂಬಿಸಲು ಕೊಡುವ ಡೋಸಿಗೆ ಕೆರೆಯ ಅಗಲ ನೋಡಬೇಕು, ಅಂದರೆ ಇರುವ ತೂಕದ ಕಡೆ ಗಮನ. ಆಮೇಲೆ ಮಟ್ಟ ಕಾಯ್ದುಕೊಳ್ಳಲು ಗಂಟೆಗಂಟೆಗೆ ಹರಿಸುವ ಡೋಸಿಗೆ ತೂಬು ನೋಡಬೇಕು, ಅದಕ್ಕೆ ಆ ಎತ್ತರದವರಿಗೆ ಇರಬೇಕಾದ ತೂಕವೇ ಸರಿಯಾದ ಅಳತೆ. ಎರಡಕ್ಕೂ 110 ಅನ್ನೇ ಹಾಕಿದರೆ ಹರಿವು ಇಮ್ಮಡಿಯಾಗುತ್ತದೆ, ತೂಬು ಅಷ್ಟೇ ಇರುತ್ತದೆ, ಕೆರೆ ಏರುತ್ತಲೇ ಹೋಗುತ್ತದೆ. ಮದ್ದು ನಿಲ್ಲಿಸಿ ಎರಡು ದಿನವಾದರೂ ಕಣ್ಣು ಬಿಡದ ರೋಗಿಯ ಮುಂದೆ ನಿಂತಾಗ ಮಿದುಳಿಗೆ ಏನಾಯಿತೋ ಎಂಬ ಗಾಬರಿಯ ಜೊತೆ ಈ ಸಾಮಾನ್ಯ ಗುಣಾಕಾರವನ್ನೂ ಒಮ್ಮೆ ತಿರುಗಿ ಹಾಕಿ ನೋಡಬೇಕು.

ಈ ಜಾತಿಯ ಮದ್ದಿಗೆ ಎದುರುಮದ್ದು ಇದೆ, ಫ್ಲೂಮಾಜೆನಿಲ್. ನರಕ್ಕೆ ಕೊಟ್ಟ ಒಂದೆರಡು ನಿಮಿಷಕ್ಕೆ ರೋಗಿ ಕಣ್ಣು ಬಿಟ್ಟು ಹೆಸರು ಹೇಳುತ್ತಾನೆ, ಮನೆಯವರ ಮುಖ ಅರಳುತ್ತದೆ. ಆದರೆ ಅದು ಮಂಪರಿನ ಮದ್ದನ್ನು ತೆಗೆದುಹಾಕುವುದಿಲ್ಲ, ಮಿದುಳಿನಲ್ಲಿ ಅದು ಕೂರುವ ಮಣೆಯ ಮೇಲೆ ತಾನು ಕೂರುತ್ತದೆ. ಫ್ಲೂಮಾಜೆನಿಲ್‌ನ ಅರ್ಧಾಯು ಸುಮಾರು ಒಂದೇ ಗಂಟೆ. ಅದು ಮಣೆ ಬಿಟ್ಟೆದ್ದಾಗ ಡಯಾಜೆಪಾಮ್ ಇನ್ನೂ ಕೊಬ್ಬಿನಿಂದ ನಿಧಾನವಾಗಿ ರಕ್ತಕ್ಕೆ ಬರುತ್ತಲೇ ಇರುತ್ತದೆ. ವಾರ್ಡಿನಲ್ಲಿ ಎಚ್ಚರಾಗಿ ಇಡ್ಲಿ ಕೇಳಿದವನು ಎರಡು ಗಂಟೆ ಕಳೆದ ಮೇಲೆ ಮತ್ತೆ ಗೊರಕೆಗೆ ಜಾರುತ್ತಾನೆ. ದಪ್ಪ ಮೈಯವರಲ್ಲಿ ಆ ಗೊರಕೆಯೇ ಅಪಾಯದ ಸದ್ದು, ಏಕೆಂದರೆ ಅವರಲ್ಲಿ ಹಲವರಿಗೆ ಮೊದಲೇ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುತ್ತದೆ. ಎದುರುಮದ್ದು ಕೊಟ್ಟವರನ್ನು ಎಚ್ಚರವಾದ ಕೂಡಲೇ ಮನೆಗೆ ಕಳಿಸದೆ, ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಸಿಕ್ಕಿಸಿ ಗಂಟೆಗಟ್ಟಲೆ ಹಾಸಿಗೆಯಲ್ಲೇ ಇರಿಸಿಕೊಳ್ಳುವುದು ಅದಕ್ಕೆ.